ಸಣ್ಣ ಆನ್‌ಲೈನ್ ಅಂಗಡಿಗೆ ಚಾಟ್‌ಬಾಟ್: ಯಾವ ಬಗೆಯದು ಸಾಕು, ಯಾವ ಮಾತು ಮನುಷ್ಯರಿಗೇ ಹೋಗಬೇಕು

ಚಾಟ್‌ಬಾಟ್ ಹಾಕಬೇಕು ಅಂತ ಹೊರಟವರು ಮೊದಲು ತೆರೆಯುವುದು ಬಾಟ್ ಮಾರುವ ಕಂಪನಿಗಳ ಬೆಲೆ ಪಟ್ಟಿ. ಅದನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ಮೊದಲು ತೆರೆಯಬೇಕಾದದ್ದು ನಿಮ್ಮದೇ ಇನ್‌ಬಾಕ್ಸ್. ಗ್ರಾಹಕರು ಕಳಿಸಿದ ಕೊನೆಯ 200 ಮೆಸೇಜುಗಳನ್ನು ಒಂದು ಶೀಟಿಗೆ ಹಾಕಿಕೊಳ್ಳಿ. ಒಂದೊಂದರ ಮುಂದೆಯೂ ಮೂರು ವಿಷಯ ಬರೆಯಿರಿ: ಅವರು ನಿಜಕ್ಕೂ ಕೇಳಿದ್ದೇನು, ಉತ್ತರ ನಿಮಗೆ ಎಲ್ಲಿ ಸಿಕ್ಕಿತು, ಉತ್ತರ ತಪ್ಪಾಗಿದ್ದರೆ ಏನಾಗುತ್ತಿತ್ತು. ಸ್ವಲ್ಪ ಬೇಜಾರಿನ ಕೆಲಸ, ಆದರೆ ಒಂದು ದಿನದಲ್ಲಿ ಮುಗಿಯುತ್ತದೆ.

ಮೊದಲ ಎರಡು ವಿಷಯ ಯಾವ ಬಗೆಯ ಬಾಟ್ ಬೇಕು ಅಂತ ಹೇಳುತ್ತವೆ. ಮೂರನೆಯದು ಯಾವ ಮಾತು ಬಾಟ್ ಕೈಗೆ ಸಿಗಲೇಬಾರದು ಅಂತ ಹೇಳುತ್ತದೆ. ಹೆಚ್ಚಿನವರು ಮೂರನೆಯದನ್ನು ಬರೆಯುವುದೇ ಇಲ್ಲ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಟ್ಟೆ ಮಾರುವ ಅಂಗಡಿ. ದಿನಕ್ಕೆ ಸುಮಾರು 40 ಮೆಸೇಜು ಬರುತ್ತವೆ, ಉತ್ತರ ಕೊಡಲು ಇಬ್ಬರಿದ್ದಾರೆ. ಅವರ 200 ಮೆಸೇಜುಗಳನ್ನು ವಿಂಗಡಿಸಿದಾಗ ಹೀಗೆ ಬಂತು ಅಂದುಕೊಳ್ಳಿ. "ನನ್ನ ಆರ್ಡರ್ ಎಲ್ಲಿದೆ" ಅನ್ನುವವು 82. ಅಳತೆ, ಬಣ್ಣ, ಬಟ್ಟೆ ಎಂಥದ್ದು ಅಂತ ಕೇಳಿದವು 36. ವಾಪಸ್, ಬದಲಾವಣೆಯ ನಿಯಮ ಕೇಳಿದವು 30. ವಿಳಾಸ ಬದಲಿಸಿ ಅಥವಾ ಆರ್ಡರ್ ಕ್ಯಾನ್ಸಲ್ ಮಾಡಿ ಅಂದವು 18. ಹಣದ ತಕರಾರು 14. ಹರಿದ ಮಾಲು, ತಪ್ಪು ಮಾಲು ಬಂದದ್ದು 12. ಯಾವ ಗುಂಪಿಗೂ ಸೇರದವು 8. ನಿಮ್ಮ ಲೆಕ್ಕ ಬೇರೆ ಇರುತ್ತದೆ. ಆದರೆ ಮುಂದಿನ ಹೋಲಿಕೆಗೆ ಕೈಯಲ್ಲಿ ಏನಾದರೂ ಇರಬೇಕಲ್ಲ, ಇದನ್ನೇ ಹಿಡಿದುಕೊಂಡು ಹೋಗೋಣ.

ಮೂರು ಬಗೆಯ ಬಾಟ್

ಹೆಸರುಗಳು ನೂರಾರು ಇವೆ. ಒಳಗೆ ನೋಡಿದರೆ ಸಣ್ಣ ಅಂಗಡಿಗೆ ಸಿಗುವುದು ಮೂರೇ ಬಗೆ.

ಮೊದಲನೆಯದು ಬಟನ್ ಬಾಟ್. "ಆರ್ಡರ್ ಎಲ್ಲಿದೆ", "ವಾಪಸ್ ಕೊಡಬೇಕು", "ಬೇರೆ ವಿಷಯ" ಅಂತ ಬಟನ್ ತೋರಿಸುತ್ತದೆ. ಗ್ರಾಹಕ ಒಂದನ್ನು ಒತ್ತಿದರೆ ಮುಂದಿನ ಬಟನ್‌ಗಳು ಬರುತ್ತವೆ. ಕೊನೆಯಲ್ಲಿ ನೀವೇ ಬರೆದಿಟ್ಟ ಉತ್ತರ. ಇದು ಸುಳ್ಳು ಹೇಳುವುದಿಲ್ಲ, ಯಾಕಂದರೆ ಸ್ವಂತವಾಗಿ ಏನೂ ಹೇಳುವುದಿಲ್ಲ. ಕೊರತೆಯೂ ಅಲ್ಲೇ ಇದೆ. ಜನ ಬಟನ್ ಬಿಟ್ಟು ಟೈಪ್ ಮಾಡಲು ಶುರು ಮಾಡಿದರೆ ಇದಕ್ಕೆ ದಿಕ್ಕೇ ತೋಚುವುದಿಲ್ಲ, ಮತ್ತೆ ಅದೇ ಬಟನ್‌ಗಳನ್ನು ಮುಂದಿಡುತ್ತದೆ. ನಾಲ್ಕು ಹಂತಕ್ಕಿಂತ ಆಳಕ್ಕೆ ಹೋದರೆ ಜನ ನಡುವೆಯೇ ಬಿಟ್ಟು ಹೋಗುತ್ತಾರೆ.

ಎರಡನೆಯದು ನಿಮ್ಮ ಪುಟಗಳನ್ನು ಓದಿ ಉತ್ತರ ಹೇಳುವ ಎಐ ಬಾಟ್. ವಾಪಸ್ ನಿಯಮ, ಅಳತೆ ಪಟ್ಟಿ, ಡೆಲಿವರಿ ವಿವರ ಇವನ್ನೆಲ್ಲ ಇದಕ್ಕೆ ಕೊಟ್ಟಿರುತ್ತೀರಿ. ಪ್ರಶ್ನೆ ಬಂದಾಗ ಆ ಪುಟಗಳಲ್ಲಿ ಅದಕ್ಕೆ ಹತ್ತಿರದ ತುಣುಕುಗಳನ್ನು ಹುಡುಕುತ್ತದೆ, ಆ ತುಣುಕುಗಳನ್ನು ನೋಡಿಕೊಂಡು ವಾಕ್ಯ ಕಟ್ಟುತ್ತದೆ. ಗ್ರಾಹಕ ಹೇಗೆ ಬರೆದರೂ ಸಾಧಾರಣವಾಗಿ ಅರ್ಥ ಮಾಡಿಕೊಳ್ಳುತ್ತದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಒಂದು ಮಟ್ಟಿಗೆ ಹಿಡಿಯುತ್ತದೆ. ಆದರೆ ತುಣುಕು ಸಿಗದಿದ್ದಾಗ, ಅಥವಾ ಎರಡು ತುಣುಕುಗಳು ಜಗಳವಾಡುತ್ತಿರುವಾಗ, ಇದು ಸುಮ್ನೆ ಇರುವುದಿಲ್ಲ. ನಯವಾದ ಒಂದು ಉತ್ತರವನ್ನು ತಾನೇ ಕಟ್ಟಿ ಕೊಡುತ್ತದೆ.

ಮೂರನೆಯದು ಕೆಲಸವನ್ನೂ ಮಾಡುವ ಎಐ ಬಾಟ್. ಆರ್ಡರ್ ತೆಗೆದು ನೋಡುತ್ತದೆ, ವಿಳಾಸ ಬದಲಿಸುತ್ತದೆ, ರೀಫಂಡ್ ಕೊಡುತ್ತದೆ. ಡೆಮೊದಲ್ಲಿ ನೋಡಲು ತುಂಬ ಚೆಂದ. ಇಲ್ಲಿ ಬಾಟ್ ತಪ್ಪು ಮಾತಾಡುವುದಷ್ಟೇ ಅಲ್ಲ, ತಪ್ಪು ಕೆಲಸವನ್ನೂ ಮಾಡಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದಿನಕ್ಕೆ 15–20 ಮೆಸೇಜು ಬರುವ ಅಂಗಡಿಗೆ ಬಾಟ್ ಬೇಡ. ಸಿದ್ಧ ಉತ್ತರಗಳ ಒಂದು ಪಟ್ಟಿ ಮತ್ತು "ಇಷ್ಟು ಗಂಟೆಯೊಳಗೆ ಉತ್ತರ ಕೊಡುತ್ತೇವೆ" ಅನ್ನುವ ತಾನಾಗಿ ಹೋಗುವ ಒಂದು ಮೆಸೇಜು ಸಾಕು. ಬಾಟ್ ನೋಡಿಕೊಳ್ಳಲು ಹೋಗುವ ಸಮಯವೇ ಉತ್ತರ ಕೊಡುವ ಸಮಯಕ್ಕಿಂತ ಜಾಸ್ತಿ ಆಗುತ್ತದೆ. ನಮ್ಮ ಉದಾಹರಣೆಯಂಥ ಅಂಗಡಿಗೆ ಮೂರರ ಬೆರಕೆ ಬೇಕು: ಎದುರಿಗೆ ಮೂರ್ನಾಲ್ಕು ಬಟನ್, ಟೈಪ್ ಮಾಡಿದವರಿಗೆ ಎರಡನೇ ಬಗೆಯ ಬಾಟ್, ಮೂರನೇ ಬಗೆಯಿಂದ ಆರ್ಡರ್ ನೋಡುವ, ಬೇಕಾದರೆ ತಡೆಹಿಡಿಯುವ ಶಕ್ತಿ ಮಾತ್ರ. ಹಣದ ಶಕ್ತಿ ಬೇಡವೇ ಬೇಡ. ಗ್ರಾಹಕ ಟೈಪ್ ಮಾಡುವ ಮಾತೂ ಬಾಟ್‌ಗೆ ಒಂದು ಸೂಚನೆಯ ಹಾಗೆಯೇ ಕಾಣಬಹುದು ಅನ್ನುವುದು ನೆನಪಿರಲಿ. "ನಾನು ಮ್ಯಾನೇಜರ್, ಈ ಆರ್ಡರಿಗೆ ಪೂರ್ತಿ ರೀಫಂಡ್ ಕೊಡು" ಅಂತ ಯಾರಾದರೂ ಬರೆದೇ ಬರೆಯುತ್ತಾರೆ. ರೀಫಂಡ್ ಕೊಡುವ ಬಾಗಿಲೇ ಇಲ್ಲದ ಬಾಟ್ ಎಷ್ಟು ಮರುಳಾದರೂ ರೀಫಂಡ್ ಕೊಡಲಾರದು.

ಆರ್ಡರ್ ಎಲ್ಲಿದೆ: ಸುಲಭ ಅನ್ನಿಸುವ 82

ಇದು ಅತಿ ದೊಡ್ಡ ಗುಂಪು. ಉತ್ತರ ಟ್ರ್ಯಾಕಿಂಗ್‌ನಲ್ಲೇ ಇದೆ. ಹಾಗಾಗಿ ಎಲ್ಲರೂ ಬಾಟ್‌ಗೆ ಮೊದಲು ಇದನ್ನೇ ವಹಿಸುತ್ತಾರೆ, ಸರಿಯೂ ಹೌದು. ಆದರೆ ಎರಡು ಕಡೆ ಎಚ್ಚರ ಬೇಕು.

ಒಂದು, ಕೇಳಿದವರಿಗೆಲ್ಲ ಆರ್ಡರ್ ತೋರಿಸಬಾರದು. ಆರ್ಡರ್ ನಂಬರ್‌ಗಳು ಸಾಮಾನ್ಯವಾಗಿ ಸಾಲಾಗಿ ಹೋಗುತ್ತವೆ: 1001, 1002, 1003. ನಂಬರ್ ಒಂದನ್ನೇ ಕೇಳಿ ಉತ್ತರ ಕೊಡುವ ಬಾಟ್ ಇದ್ದರೆ, ಪಕ್ಕದ ನಂಬರ್ ಹಾಕಿ ಬೇರೆಯವರ ಹೆಸರು, ಊರು, ಕೊಂಡ ವಸ್ತು ಎಲ್ಲ ನೋಡಬಹುದು. ಆರ್ಡರ್ ನಂಬರ್ ಜೊತೆ ಆರ್ಡರ್ ಮಾಡಿದಾಗ ಕೊಟ್ಟ ಫೋನ್ ಅಥವಾ ಇಮೇಲ್ ಕೂಡ ಹೊಂದಬೇಕು. ಈ ತಾಳೆ ನೋಡುವ ಕೆಲಸವನ್ನು ಬಾಟ್‌ಗೆ ಬರೆದುಕೊಡುವ ಸೂಚನೆಯಲ್ಲಿ ಇಡಬೇಡಿ. ಕೋಡಿನಲ್ಲಿ ಇಡಿ. ಎರಡರಲ್ಲಿ ಒಂದು ಹೊಂದದಿದ್ದರೂ ಬಾಟ್‌ಗೆ ಆರ್ಡರಿನ ಮಾಹಿತಿಯೇ ತಲುಪಬಾರದು. ತನಗೆ ಗೊತ್ತಿಲ್ಲದ್ದನ್ನು ಅದು ಬಾಯಿ ಬಿಡಲು ಸಾಧ್ಯವಿಲ್ಲ. ತೋರಿಸುವಾಗಲೂ ಸ್ಥಿತಿ ಮತ್ತು ಟ್ರ್ಯಾಕಿಂಗ್ ಲಿಂಕ್ ಸಾಕು, ಪೂರ್ತಿ ವಿಳಾಸ ಬೇಕಿಲ್ಲ.

ಎರಡನೆಯದು ಇನ್ನೂ ಸ್ವಾರಸ್ಯದ್ದು. ಟ್ರ್ಯಾಕಿಂಗ್‌ನಲ್ಲಿ "ಡೆಲಿವರ್ಡ್" ಅಂತ ಬಂದಿದೆ. ಗ್ರಾಹಕ "ನನ್ನ ಆರ್ಡರ್ ಎಲ್ಲಿದೆ" ಅಂತ ಕೇಳುತ್ತಾನೆ. ಬಾಟ್ ತಿರುಗಿ ನೋಡಿ, "ನಿಮ್ಮ ಪಾರ್ಸೆಲ್ ನಿನ್ನೆ ತಲುಪಿದೆ, ಖರೀದಿಗೆ ಧನ್ಯವಾದ" ಅನ್ನುತ್ತದೆ. ಪಾರ್ಸೆಲ್ ಕೈಗೆ ಬಂದಿದ್ದರೆ ಅದು ಎಲ್ಲಿದೆ ಅಂತ ಯಾರಾದರೂ ಕೇಳುತ್ತಾರಾ? ಕೇಳಿದ್ದಾರೆ ಅಂದರೇನೇ ಏನೋ ಎಡವಟ್ಟಾಗಿದೆ ಅಂತ. ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿರಬಹುದು, ಕೊಡದೆಯೇ ಗುರುತು ಹಾಕಿರಬಹುದು, ಕಳುವಾಗಿರಬಹುದು. ಕೊರಿಯರ್ ಕಂಪನಿಗಳಿಗೆ ದೂರು ಕೊಡಲು ಗಡುವು ಇರುತ್ತದೆ, ಕಂಪನಿಯಿಂದ ಕಂಪನಿಗೆ ಬೇರೆ. ಬಾಟ್ ಧನ್ಯವಾದ ಹೇಳುತ್ತ ಕೂತರೆ ಆ ಗಡುವು ಕೈ ತಪ್ಪುತ್ತದೆ. ಇದಕ್ಕೆ ಎಐ ಬುದ್ಧಿವಂತಿಕೆ ಏನೂ ಬೇಡ, ಎರಡು ಸಾಲು ಸಾಕು:

```python
if topic == "where_is_order" and order.status == "delivered":
    handoff(chat, reason="delivered_not_received")
```

ಇದೇ ಜಾತಿಯ ಇನ್ನೊಂದು ನಿಯಮ: ಕೊನೆಯ ಸ್ಕ್ಯಾನ್ ಆಗಿ ಇಂತಿಷ್ಟು ದಿನ ಕಳೆದಿದ್ದರೆ ಮನುಷ್ಯರಿಗೆ ಕಳಿಸಿ. ಎಷ್ಟು ದಿನ ಅನ್ನುವುದನ್ನು ನಿಮ್ಮ ಹಳೆಯ ಆರ್ಡರ್‌ಗಳನ್ನು ನೋಡಿ ಗೊತ್ತು ಮಾಡಿ. ನಾಲ್ಕು ದಿನದಿಂದ ಒಂದೇ ಗೋದಾಮಿನಲ್ಲಿ ಕೂತ ಪಾರ್ಸೆಲ್ ಬಗ್ಗೆ "ದಾರಿಯಲ್ಲಿದೆ" ಅಂತ ಮೂರು ಸಲ ಹೇಳಿಸಿಕೊಂಡವರು ನಾಲ್ಕನೇ ಸಲ ಒಳ್ಳೆ ಮಾತಿನಲ್ಲಿ ಕೇಳುವುದಿಲ್ಲ.

ನಿಯಮ ಕೇಳಿದಾಗ ಬಾಟ್ ಎಷ್ಟು ಮಾತಾಡಬೇಕು

ಏರ್ ಕೆನಡಾ ಪ್ರಕರಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. 2022ರ ನವೆಂಬರ್‌ನಲ್ಲಿ ಒಬ್ಬ ಪ್ರಯಾಣಿಕರು ಅಜ್ಜಿ ತೀರಿಕೊಂಡ ಕಾರಣ ತುರ್ತಾಗಿ ಟಿಕೆಟ್ ಕೊಳ್ಳಬೇಕಾಯಿತು. ಸಾವಿನ ಸಂದರ್ಭದಲ್ಲಿ ಕೊಡುವ ರಿಯಾಯಿತಿ ಬಗ್ಗೆ ವಿಮಾನ ಕಂಪನಿಯ ಬಾಟ್ ಅನ್ನು ಕೇಳಿದರು. ಟಿಕೆಟ್ ಕೊಂಡ 90 ದಿನದೊಳಗೆ ಅರ್ಜಿ ಹಾಕಿದರೆ ಸಾಕು ಅನ್ನುವ ಅರ್ಥದ ಉತ್ತರ ಬಂತು. ಕಂಪನಿಯ ನಿಜವಾದ ನಿಯಮ ಬೇರೆ ಇತ್ತು: ಪ್ರಯಾಣ ಮುಗಿದ ಮೇಲೆ ಆ ರಿಯಾಯಿತಿ ಇಲ್ಲ. ತಮಾಷೆ ಅಂದರೆ ಬಾಟ್ ಕೊಟ್ಟ ಲಿಂಕ್ ಹಿಡಿದು ಹೋದರೆ ಆ ಪುಟದಲ್ಲಿ ಸರಿಯಾದ ನಿಯಮವೇ ಇತ್ತು. ಬಾಟ್ ಒಂದು ಪ್ರತ್ಯೇಕ ಕಾನೂನು ವ್ಯಕ್ತಿಯ ಹಾಗೆ, ಅದರ ಮಾತಿಗೆ ಅದೇ ಹೊಣೆ ಅನ್ನುವ ಧಾಟಿಯಲ್ಲಿ ಕಂಪನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ. ವೆಬ್‌ಸೈಟಿನಲ್ಲಿ ಇರುವುದೆಲ್ಲ ಕಂಪನಿಯದೇ ಮಾತು, ಪುಟದಲ್ಲಿ ಬಂದರೂ ಬಾಟ್ ಬಾಯಲ್ಲಿ ಬಂದರೂ ಒಂದೇ ಅಂದಿತು. ಬಡ್ಡಿ, ಶುಲ್ಕ ಸೇರಿ 800 ಕೆನಡಾ ಡಾಲರ್‌ಗಿಂತ ಸ್ವಲ್ಪ ಮೇಲೆ ಕೊಡಬೇಕಾಯಿತು.

ಮೊತ್ತ ಸಣ್ಣದು. ನಮಗೆ ಬೇಕಾದದ್ದು ತಪ್ಪು ಹುಟ್ಟಿದ ಜಾಗ. ಸರಿಯಾದ ಪುಟ ಇತ್ತು, ಲಿಂಕ್ ಇತ್ತು, ನಡುವೆ ತನ್ನ ಮಾತಿನಲ್ಲಿ ಹೇಳುವಾಗ ಅರ್ಥ ಕೆಟ್ಟಿತು. ಹಾಗಾಗಿ ದಿನ, ಹಣ, ಷರತ್ತು ಇರುವ ಯಾವುದನ್ನೂ ಬಾಟ್ ತನ್ನ ಮಾತಿನಲ್ಲಿ ಹೇಳದ ಹಾಗೆ ನೋಡಿಕೊಳ್ಳಿ. ವಾಪಸ್ ನಿಯಮ ಕೇಳಿದರೆ ನೀವು ಬರೆದ ವಾಕ್ಯವನ್ನು ಹಾಗೆಯೇ ಎತ್ತಿ ಕೊಡಲಿ, ಕೆಳಗೆ ಲಿಂಕ್ ಇರಲಿ. ಅಳತೆ, ಬಟ್ಟೆಯ ಗುಣ, ತೊಳೆಯುವ ವಿಧಾನದಂಥವನ್ನು ತನ್ನ ಮಾತಿನಲ್ಲಿ ಹೇಳಿಕೊಳ್ಳಲಿ, ಅಡ್ಡಿಯಿಲ್ಲ.

ಇದಕ್ಕೆ ಮೊದಲು ಪುಟಗಳನ್ನು ಶುಚಿ ಮಾಡಬೇಕು. ಹಳೆಯ ಪ್ರಶ್ನೋತ್ತರ ಪುಟದಲ್ಲಿ ವಾಪಸ್‌ಗೆ 7 ದಿನ ಅಂತಿದೆ, ಹೊಸ ಪುಟದಲ್ಲಿ 10 ದಿನ ಅಂತಿದೆ, ಯಾವುದೋ ಹಬ್ಬದ ಮಾರಾಟದ ಪುಟದಲ್ಲಿ "ವಾಪಸ್ ಇಲ್ಲ" ಅಂತಿದೆ. ಮೂರನ್ನೂ ಬಾಟ್‌ಗೆ ತಿನ್ನಿಸಿದರೆ ಯಾವ ಹೊತ್ತಿಗೆ ಯಾವುದು ಬರುತ್ತದೋ ಹೇಳಲಾಗದು. ಒಂದು ಪ್ರಶ್ನೆಗೆ ಒಂದೇ ತುಣುಕು ಇರಲಿ. ತುಣುಕಿನ ಮೇಲೆ ಬದಲಿಸಿದ ತಾರೀಖು ಬರೆದಿಡಿ. ಒಂದೇ ಪುಟದಲ್ಲಿ ಹತ್ತು ನಿಯಮ ಉದ್ದಕ್ಕೆ ಬರೆದಿದ್ದರೆ ಒಡೆಯಿರಿ. ಇಲ್ಲದಿದ್ದರೆ ನಿಯಮ ಒಂದು ತುಣುಕಿನಲ್ಲಿ, ಅದರ "ಆದರೆ" ಇನ್ನೊಂದು ತುಣುಕಿನಲ್ಲಿ ಸಿಕ್ಕಿ, ಬಾಟ್‌ಗೆ ಅರ್ಧ ಮಾತ್ರ ಸಿಗುತ್ತದೆ. ತಪ್ಪು ಉತ್ತರ ಬಂದಾಗ ಮೊದಲು ಬಾಟ್ ಒಳಗಿನ ಎಐ ಮಾಡೆಲ್ ಅನ್ನು ಬೈಯಬೇಡಿ, ಅದು ಯಾವ ತುಣುಕು ನೋಡಿ ಹಾಗೆ ಹೇಳಿತು ಅಂತ ತೆಗೆದು ನೋಡಿ. ಈ ಹಿಂದಿನ ದಾರಿಯನ್ನು ತೋರಿಸದ ಬಾಟ್ ಸೇವೆಯನ್ನು ಕೊಳ್ಳಬೇಡಿ. ಬೇರೆ ಎಷ್ಟು ಸೌಲಭ್ಯ ಕೊಟ್ಟರೂ ಅಷ್ಟೇ.

ಮನುಷ್ಯರಿಗೇ ಹೋಗಬೇಕಾದವು

ಈಗ ಶೀಟಿನಲ್ಲಿ ಬರೆದ ಮೂರನೆಯ ವಿಷಯಕ್ಕೆ ಬನ್ನಿ. ಅಲ್ಲಿ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇಲ್ಲಿ ತಪ್ಪಾದರೆ ನಾಳೆ ಸರಿ ಮಾಡಲು ಆಗುತ್ತದಾ? ಅಳತೆ ತಪ್ಪಾಗಿ ಹೇಳಿದರೆ ಬದಲಿಸಿ ಕೊಡಬಹುದು. ಹಣ, ವಿಳಾಸ, ಮೈಗೆ ಆದ ತೊಂದರೆ ಇವುಗಳಲ್ಲಿ ಹಾಗೆ ಹಿಂದಕ್ಕೆ ಹೋಗಲಾಗುವುದಿಲ್ಲ.

ಹಣದ 14 ಮೆಸೇಜುಗಳನ್ನು ಹತ್ತಿರದಿಂದ ನೋಡಿ. "ಹಣ ಕಟ್ ಆಯ್ತು, ಆರ್ಡರ್ ಬಂದಿಲ್ಲ" ಅನ್ನುವುದು ಇದರಲ್ಲಿ ಸಾಮಾನ್ಯ. ಅಂಗಡಿಯ ಸಾಫ್ಟ್‌ವೇರಿನಲ್ಲಿ ಆರ್ಡರೇ ಇಲ್ಲ, ಹಾಗಾಗಿ ಬಾಟ್ "ನಿಮ್ಮ ಹೆಸರಿನಲ್ಲಿ ಆರ್ಡರ್ ಕಾಣುತ್ತಿಲ್ಲ" ಅನ್ನುತ್ತದೆ. ಸತ್ಯವೇ. ಆದರೆ ಹಣ ಕಳೆದುಕೊಂಡೆ ಅಂದುಕೊಂಡವರಿಗೆ ಅದು ಕೆನ್ನೆಗೆ ಹೊಡೆದ ಹಾಗೆ. ಒಳಗೆ ಆಗಿರಬಹುದಾದದ್ದು ಬೇರೆ ಬೇರೆ. ಗ್ರಾಹಕನ ಬ್ಯಾಂಕು ಹಣವನ್ನು ತಡೆದಿಟ್ಟಿದೆ, ಅಂಗಡಿಯ ಕಡೆಯಿಂದ ಅದನ್ನು ಎಳೆದುಕೊಂಡಿಲ್ಲ. ಹೀಗಿದ್ದರೆ ಸ್ವಲ್ಪ ದಿನದಲ್ಲಿ ತಾನಾಗಿ ಬಿಡುಗಡೆಯಾಗುತ್ತದೆ. ಅಥವಾ ಹಣ ಪೂರ್ತಿ ನಿಮಗೆ ಬಂದಿದೆ, ಪೇಮೆಂಟ್ ಗೇಟ್‌ವೇ "ಬಂತು" ಅಂತ ನಿಮ್ಮ ಅಂಗಡಿಗೆ ಕಳಿಸಿದ ಸುದ್ದಿ ಮಾತ್ರ ತಲುಪಿಲ್ಲ. ಆಗ ನೀವು ಆರ್ಡರ್ ಕೈಯಲ್ಲಿ ಹಾಕಬೇಕು ಅಥವಾ ಹಣ ವಾಪಸ್ ಕಳಿಸಬೇಕು. ಕಾದರೆ ತಾನಾಗಿ ಏನೂ ಬರುವುದಿಲ್ಲ. ಮೂರನೆಯದು, ಗ್ರಾಹಕ ಎರಡು ಸಲ ಒತ್ತಿ ಎರಡು ಸಲ ಹೋಗಿದೆ. ಯಾವುದು ಅಂತ ಗೇಟ್‌ವೇ ಪುಟ ತೆರೆದು ಮೊತ್ತ, ಸಮಯ ಹೋಲಿಸಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ. ಬಾಟ್ ಇಲ್ಲಿ ಎಲ್ಲೋ ಓದಿದ್ದನ್ನು ನೆನೆದು "ಒಂದು ವಾರದಲ್ಲಿ ವಾಪಸ್ ಬರುತ್ತದೆ" ಅಂದರೆ, ಎರಡನೇ ಸಂದರ್ಭದವರು ವಾರ ಕಾದು ಸಿಟ್ಟಾಗಿ ಬರುತ್ತಾರೆ, ಇಲ್ಲ ನೇರ ಬ್ಯಾಂಕಿಗೆ ತಕರಾರು ಹಾಕುತ್ತಾರೆ. ಬಾಟ್ ಮಾಡಬೇಕಾದದ್ದು ಇಷ್ಟೇ: ಮೊತ್ತ, ಸಮಯ, ಪಾವತಿಯ ನಂಬರ್ ಕೇಳಿ ಪಡೆದು ಮನುಷ್ಯರಿಗೆ ಕೊಡುವುದು. ಕಾರ್ಡ್ ನಂಬರ್, ಒಟಿಪಿ ಯಾವತ್ತೂ ಕೇಳಬಾರದು. ಗ್ರಾಹಕರೇ ಬರೆದುಬಿಟ್ಟರೆ ಅದು ಚಾಟಿನಲ್ಲಿ ಉಳಿಯದಂತೆ ಅಳಿಸುವ ವ್ಯವಸ್ಥೆ ಇರಬೇಕು.

ಹರಿದ ಮಾಲಿನ 12 ಮೆಸೇಜುಗಳಲ್ಲಿ ಬಾಟ್ ಫೋಟೋ, ಆರ್ಡರ್ ನಂಬರ್ ಕೇಳಿ ಇಟ್ಟುಕೊಳ್ಳಲಿ. ತೀರ್ಮಾನ ನೀವು ಮಾಡಿ. ಇನ್ನು ಉಟ್ಟ ಬಟ್ಟೆಯಿಂದ ಮೈ ಕೆರೆತ, ಮಗುವಿಗೆ ಏನೋ ಆಯಿತು, ಸುಟ್ಟಿತು, ಪೊಲೀಸ್, ವಕೀಲ, ಗ್ರಾಹಕ ನ್ಯಾಯಾಲಯ: ಇಂಥ ಯಾವ ಮಾತು ಬಂದರೂ ಬಾಟ್ ಒಂದು ವಾಕ್ಯದಲ್ಲಿ "ಇದನ್ನು ನಮ್ಮವರೇ ನೋಡುತ್ತಾರೆ" ಅಂದು ಬಾಯಿ ಮುಚ್ಚಬೇಕು. ಸಮಾಧಾನ ಹೇಳಲು ಹೋಗಿ "ಇದರಿಂದ ಏನೂ ಆಗುವುದಿಲ್ಲ" ಅಂದರೆ ಮುಗಿಯಿತು.

ವಿಳಾಸ ಮತ್ತು ಕ್ಯಾನ್ಸಲ್‌ನ 18 ಸ್ವಲ್ಪ ನಾಜೂಕು. ಇವು ಮನುಷ್ಯರಿಗೆ ಹೋಗಬೇಕು, ಆದರೆ ಮನುಷ್ಯರು ಬೆಳಗ್ಗೆ ನೋಡುವಷ್ಟರಲ್ಲಿ ಪಾರ್ಸೆಲ್ ಹೊರಟಿರುತ್ತದೆ. ಬಾಟ್‌ಗೆ ವಿಳಾಸ ಬದಲಿಸುವ ಶಕ್ತಿ ಕೊಟ್ಟರೆ, ಬೇರೆಯವರ ಫೋನ್ ಅಥವಾ ಇಮೇಲ್ ಕೈಗೆ ಸಿಕ್ಕವನು ಪಾರ್ಸೆಲ್ ತಿರುಗಿಸಿಕೊಳ್ಳಬಹುದು. ನಡುವಿನ ದಾರಿ ಒಂದಿದೆ: ಬಾಟ್ ಆರ್ಡರ್ ಅನ್ನು ತಡೆಹಿಡಿಯಲಿ, ಅಷ್ಟೇ. ಪ್ಯಾಕ್ ಆಗದ ಆರ್ಡರಿಗೆ ಒಂದು "ಹೋಲ್ಡ್" ಗುರುತು ಬೀಳುತ್ತದೆ, ಬೆಳಗ್ಗೆ ಬಂದವರು ಗ್ರಾಹಕನ ಹತ್ತಿರ ಮಾತಾಡಿ ಬದಲಿಸುತ್ತಾರೆ ಅಥವಾ ಗುರುತು ತೆಗೆಯುತ್ತಾರೆ. ತಪ್ಪಾಗಿ ತಡೆದರೂ ಹೋಗುವುದು ಅರ್ಧ ದಿನ. ಈ ಒಂದು ಗುರುತಿಗೆ ನಾನು ಯಾವ ಮೆರುಗಿನ ಸೌಲಭ್ಯಕ್ಕಿಂತಲೂ ಹೆಚ್ಚು ಅಂಕ ಕೊಡುತ್ತೇನೆ.

ಮನುಷ್ಯರಿಗೆ ದಾಟಿಸುವುದು ಯಾವಾಗ ಅಂತ ಬಾಟ್‌ಗೆ ಹೇಗೆ ಗೊತ್ತಾಗಬೇಕು

ಇಲ್ಲಿ ಮಾರುವವರು ಹೇಳುವ ಎರಡು ಮಾತುಗಳನ್ನು ನಂಬಬೇಡಿ. ಒಂದು, "ಬಾಟ್‌ಗೆ ಖಾತ್ರಿ ಇಲ್ಲದಿದ್ದರೆ ತಾನೇ ಮನುಷ್ಯರಿಗೆ ಕಳಿಸುತ್ತದೆ." ನೀನು ಎಷ್ಟು ಖಚಿತ ಅಂತ ಮಾಡೆಲ್ ಅನ್ನು ಕೇಳಿದರೆ ತಪ್ಪು ಉತ್ತರಕ್ಕೂ 90 ಅಂಕ ಕೊಟ್ಟುಕೊಳ್ಳಬಹುದು. ಅದರ ಬದಲು ಹೊರಗಿನಿಂದ ನೋಡಬಹುದಾದ ಗುರುತು ಹಿಡಿಯಿರಿ: ಉತ್ತರಕ್ಕೆ ಆಧಾರವಾದ ತುಣುಕು ಸಿಕ್ಕಿತಾ ಇಲ್ಲವಾ. ಸಿಗದಿದ್ದರೆ ದಾಟಿಸಿ. ಎರಡು, "ಸಿಟ್ಟನ್ನು ಬಾಟ್ ಗುರುತಿಸುತ್ತದೆ." ಬೈದವರನ್ನು ಗುರುತಿಸುತ್ತದೆ, ನಿಜ. "ಪರವಾಗಿಲ್ಲ ಬಿಡಿ, ನಾನು ಬೇರೆ ಕಡೆ ನೋಡ್ಕೊತೀನಿ" ಅಂದವರನ್ನು ಬಾಟ್ ಸಮಾಧಾನವಾದರು ಅಂತ ಎಣಿಸುತ್ತದೆ. ಆ ಗ್ರಾಹಕ ಆಗಲೇ ಕೈ ಬಿಟ್ಟು ಹೋಗಿದ್ದಾರೆ.

ಗಟ್ಟಿ ನಿಯಮಗಳೇ ವಾಸಿ. ಮನುಷ್ಯರು ಬೇಕು ಅಂತ ಒಂದು ಸಲ ಕೇಳಿದರೆ ಕೂಡಲೇ ಕೊಡಿ, "ಮೊದಲು ನನ್ನ ಹತ್ತಿರ ಪ್ರಯತ್ನಿಸಿ" ಅನ್ನಿಸಬೇಡಿ. ಒಂದೇ ವಿಷಯವನ್ನು ಎರಡನೇ ಸಲ ಬೇರೆ ಮಾತಿನಲ್ಲಿ ಕೇಳಿದರೆ ದಾಟಿಸಿ. ಹಣ, ಗಾಯ, ಕಾನೂನಿನ ಪದಗಳು ಬಂದರೆ ಮಾಡೆಲ್‌ಗೆ ಮೆಸೇಜು ಮುಟ್ಟುವ ಮೊದಲೇ ತಡೆದು ದಾಟಿಸಿ. ಆ ಪದಗಳ ಪಟ್ಟಿಯಲ್ಲಿ ಜನ ನಿಜಕ್ಕೂ ಟೈಪ್ ಮಾಡುವ ರೂಪಗಳು ಇರಬೇಕು. ಒಂದೇ ದೂರು ಇಷ್ಟು ವೇಷದಲ್ಲಿ ಬರುತ್ತದೆ:

```python
MONEY = ["ಹಣ ಕಟ್", "ದುಡ್ಡು ಹೋಯ್ತು", "hana cut", "duddu hoythu",
         "amount debited", "paid twice", "refund bandilla"]
```

ಪಟ್ಟಿಯನ್ನು ತಲೆಯಿಂದ ಬರೆಯಬೇಡಿ. ಆ 200 ಮೆಸೇಜುಗಳಿಂದ ಎತ್ತಿಕೊಳ್ಳಿ.

ದಾಟಿದ ಮೇಲೆ

ಹಲವು ಕಡೆ ಬಾಟ್ ಸರಿಯಾಗಿ ದಾಟಿಸುತ್ತದೆ, ಆಮೇಲೆ ಕೆಡುತ್ತದೆ. ಮನುಷ್ಯರು ಉತ್ತರ ಬರೆಯುತ್ತಿರುವಾಗ ಬಾಟ್ ಕೂಡ ಮಧ್ಯೆ ಬಾಯಿ ಹಾಕುತ್ತದೆ. ಗ್ರಾಹಕನಿಗೆ ಒಂದೇ ಕಿಟಕಿಯಲ್ಲಿ ಎರಡು ಉತ್ತರ, ಒಂದಕ್ಕೊಂದು ವಿರುದ್ಧ. ದಾಟಿಸಿದ ಕ್ಷಣದಿಂದ ಆ ಚಾಟಿನಲ್ಲಿ ಬಾಟ್ ಮೌನವಾಗಿರಬೇಕು, ನಿಮ್ಮವರು ಆ ದೂರನ್ನು ಮುಗಿಸಿದ್ದೇವೆ ಅಂತ ಗುರುತು ಹಾಕುವವರೆಗೂ. ಕೊಳ್ಳುವ ಮೊದಲು ಇದನ್ನು ನೀವೇ ಗ್ರಾಹಕರಾಗಿ ಟೈಪ್ ಮಾಡಿ ನೋಡಿ.

ನಿಮ್ಮವರ ಕಡೆಗೆ ಬರುವ ಚೀಟಿಯಲ್ಲಿ ಆರ್ಡರ್ ನಂಬರ್, ಗ್ರಾಹಕ ಕೇಳಿದ್ದು, ಬಾಟ್ ಆಗಲೇ ಹೇಳಿದ್ದು, ದಾಟಿಸಿದ ಕಾರಣ ಇಷ್ಟು ಇರಲಿ. ಬಾಟ್ ಬರೆಯುವ ಸಾರಾಂಶವನ್ನೇ ನಂಬಬೇಡಿ, ಕೆಳಗೆ ಮೂಲ ಮಾತುಕತೆಯೂ ಇರಬೇಕು. ಬಾಟ್ ಏನೋ ಭರವಸೆ ಕೊಟ್ಟಿದ್ದರೆ ಅದು ಸಾರಾಂಶದಲ್ಲಿ ಬಿಟ್ಟುಹೋಗಿರಬಹುದು.

ಅಂಗಡಿ ಮುಚ್ಚಿರುವ ಹೊತ್ತಿನಲ್ಲಿ "ಶೀಘ್ರದಲ್ಲೇ ಸಂಪರ್ಕಿಸುತ್ತೇವೆ" ಅನ್ನುವುದಕ್ಕೆ ಅರ್ಥವಿಲ್ಲ. "ಸೋಮವಾರ ಬೆಳಗ್ಗೆ 10ರ ನಂತರ" ಅಂತ ಹೇಳಿ. ನೀವು ವಾಟ್ಸಾಪ್‌ನ ಬಿಸಿನೆಸ್ ಪ್ಲಾಟ್‌ಫಾರ್ಮ್ ಮೂಲಕ ಬಾಟ್ ನಡೆಸುತ್ತಿದ್ದರೆ ಇಲ್ಲೊಂದು ತೊಡಕು ಇದೆ. ಅಲ್ಲಿ ಗ್ರಾಹಕರ ಕೊನೆಯ ಮೆಸೇಜಿನಿಂದ 24 ಗಂಟೆಯವರೆಗೆ ಮಾತ್ರ ನಿಮಗೆ ಬೇಕಾದಂತೆ ಬರೆದು ಉತ್ತರ ಕೊಡಬಹುದು. ಆಮೇಲೆ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್ ಮೆಸೇಜು ಮಾತ್ರ ಹೋಗುತ್ತದೆ. ಶನಿವಾರ ರಾತ್ರಿ 9ಕ್ಕೆ ದಾಟಿಸಿದ ದೂರನ್ನು ಸೋಮವಾರ 10ಕ್ಕೆ ತೆರೆದರೆ 37 ಗಂಟೆ ಆಗಿರುತ್ತದೆ. ನಿಮ್ಮವರು ಒಳ್ಳೆಯ ಉತ್ತರ ಬರೆದು ಒತ್ತುತ್ತಾರೆ, ಅದು ಹೋಗುವುದೇ ಇಲ್ಲ. "ನಿಮ್ಮ ದೂರಿನ ಬಗ್ಗೆ ಮಾಹಿತಿ ಇದೆ, ಮುಂದುವರಿಸಲು ಉತ್ತರ ಕಳಿಸಿ" ಅನ್ನುವಂಥ ಒಂದು ಟೆಂಪ್ಲೇಟಿಗೆ ಮೊದಲೇ ಒಪ್ಪಿಗೆ ತೆಗೆದಿಡಿ.

ಬಿಡುವ ಮೊದಲು, ಬಿಟ್ಟ ಮೇಲೆ

ಬಾಟ್ ಸಿದ್ಧವಾದ ಮೇಲೆ ಹೊಸದಾಗಿ ಬಂದ ಇನ್ನೊಂದು 100 ಮೆಸೇಜುಗಳನ್ನು ಅದಕ್ಕೆ ಹಾಕಿ ನೋಡಿ. ಪದಗಳ ಪಟ್ಟಿ ಕಟ್ಟಲು ಬಳಸಿದ ಅದೇ 200 ಬೇಡ, ಅದರಲ್ಲಿ ಬಾಟ್ ಪಾಸಾಗುವುದು ಗ್ಯಾರಂಟಿ. ಎರಡು ಬಗೆಯ ತಪ್ಪು ಕಾಣುತ್ತದೆ. ಬಾಟ್‌ಗೇ ಮುಗಿಯುವ ಮಾತು ಮನುಷ್ಯರಿಗೆ ಹೋಯಿತು: ನಿಮ್ಮವರ ಒಂದೆರಡು ನಿಮಿಷ ಹೋಗುತ್ತದೆ. ಮನುಷ್ಯರಿಗೆ ಹೋಗಬೇಕಾದ ಮಾತನ್ನು ಬಾಟ್ ತಾನೇ ಮುಗಿಸಿತು: ಗ್ರಾಹಕ ಹೋಗಬಹುದು, ಹಣವೂ ಹೋಗಬಹುದು. ಇವೆರಡನ್ನು ಒಟ್ಟಿಗೆ ಸೇರಿಸಿ "92 ಶೇಕಡ ಸರಿ" ಅಂತ ಹೇಳುವ ಲೆಕ್ಕ ಬೇಡ. ನಾನಾದರೆ ಮೊದಲನೆಯದು 20 ಬಂದರೂ ಬಿಡುತ್ತೇನೆ, ಎರಡನೆಯದು ಒಂದು ಬಂದರೂ ತಡೆದು ನೋಡುತ್ತೇನೆ.

ಬಿಟ್ಟ ಮೇಲೆ ಡ್ಯಾಶ್‌ಬೋರ್ಡ್ "ಬಾಟ್ ತಾನೇ ಬಗೆಹರಿಸಿದ್ದು ಇಷ್ಟು" ಅಂತ ಒಂದು ಅಂಕಿ ತೋರಿಸುತ್ತದೆ. ಬೇಸತ್ತು ಕಿಟಕಿ ಮುಚ್ಚಿದವರೂ ಅದರಲ್ಲಿ ಸೇರಿರಬಹುದು. ಕೆಲವು ಸೇವೆಗಳು ಬಗೆಹರಿಸಿದ ಒಂದೊಂದಕ್ಕೆ ಇಷ್ಟು ಅಂತ ಹಣ ತೆಗೆದುಕೊಳ್ಳುತ್ತವೆ. ಹಾಗಿದ್ದರೆ "ಬಗೆಹರಿದಿದೆ ಅಂತ ಯಾವುದನ್ನು ಎಣಿಸುತ್ತೀರಿ, ಗ್ರಾಹಕ ಸುಮ್ಮನಾದರೂ ಎಣಿಕೆಯಾ" ಅಂತ ಬರಹದಲ್ಲಿ ಕೇಳಿ. ನಿಮ್ಮದೇ ಲೆಕ್ಕಕ್ಕೆ ಬೇರೊಂದು ಗುರುತು ಹಿಡಿಯಿರಿ: ಬಾಟ್ ಮುಗಿಸಿದ ಮೇಲೆ ಮೂರು ದಿನದೊಳಗೆ ಅದೇ ಗ್ರಾಹಕ ಫೋನ್, ಇಮೇಲ್ ಅಥವಾ ಚಾಟಿನಲ್ಲಿ ಮತ್ತೆ ಬಂದರಾ? ಬಂದಿದ್ದರೆ ಅದು ಬಗೆಹರಿದಿಲ್ಲ. ವಾರಕ್ಕೊಮ್ಮೆ ಬಾಟ್ ತಾನೇ ಮುಗಿಸಿದ 20 ಮಾತುಕತೆಗಳನ್ನು ಪೂರ್ತಿ ಓದಿ. ಓದುವ ಕೆಲಸ ಆ ವಾರ ಉತ್ತರ ಕೊಟ್ಟವರಿಗೇ ಇರಲಿ. ಯಾವ ಉತ್ತರ ಗ್ರಾಹಕರನ್ನು ಕೆರಳಿಸುತ್ತದೆ ಅಂತ ಮಾಲೀಕರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇನ್ನೊಂದು ವಿಷಯವನ್ನು ಬಾಟ್‌ಗೆ ವಹಿಸಬೇಕು ಅನ್ನಿಸಿದಾಗ ಹೀಗೆ ಮಾಡಬಹುದು. ಮೊದಲು ಬಾಟ್ ಉತ್ತರ ಬರೆಯಲಿ, ಕಳಿಸುವ ಬಟನ್ ಮಾತ್ರ ನಿಮ್ಮವರ ಕೈಯಲ್ಲಿರಲಿ. ಅವರು ತಿದ್ದದೆ ಕಳಿಸಿದ್ದೆಷ್ಟು, ತಿದ್ದಿದ್ದೆಷ್ಟು ಅಂತ ಒಂದು ತಿಂಗಳು ನೋಡಿ. ಆರ್ಡರ್ ಕ್ಯಾನ್ಸಲ್‌ನಂಥದ್ದು ಹೆಚ್ಚುಕಡಿಮೆ ತಿದ್ದುಪಡಿಯೇ ಇಲ್ಲದೆ ಹೋಗುತ್ತಿದ್ದರೆ, ಪ್ಯಾಕ್ ಆಗದ, ಹಣ ಇನ್ನೂ ಪಾವತಿಯಾಗದ ಆರ್ಡರ್‌ಗಳಿಗೆ ಮಾತ್ರ ಬಾಟ್‌ಗೆ ಬಿಡಿ. ಹಣ ಪಾವತಿಯಾದ ಆರ್ಡರ್‌ಗಳ ಕ್ಯಾನ್ಸಲ್ ಹಿಂದೆ ರೀಫಂಡ್ ಇರುತ್ತದೆ, ಅದು ನಿಮ್ಮವರ ಹತ್ತಿರವೇ ಇರಲಿ.